“ಅಯ್ಯೋ, ಏನೋ ತಪ್ಪಾಗಿದೆ!” ಅಂದ್ರ ಯಾರ ತಪ್ಪು?

ಹೋದ ಬುಧವಾರ ಮಧ್ಯಾಹ್ನ ಎರಡೂವರಿಗೆ ಬಾಜೂ ಮನಿ ಕಾಕು ನಮ್ಮ ಬಾಗಲದಾಗ ಬಂದು ನಿಂತ್ರು. ಕೈಯಾಗ ಫೋನು, ಕಣ್ಣಾಗ ನೀರು. “ಏನೋ ಕೆಡಿಸಿಬಿಟ್ಟೆನವಾ ನಾ. ಮೊಮ್ಮಗಳ ಹಾಸ್ಟೆಲ್ ಫಾರ್ಮ್ ಹೋತು” ಅಂದ್ರು. ಮೊದಲು ಒಳಗ ಕರದು ಕೂಡಿಸಿ, ನೀರು ಕೊಟ್ಟು, ಆಮ್ಯಾಲೆ ಫೋನ್ ಇಸಕೊಂಡು ನೋಡಿದೆ. ಬಿಳೀ ಪರದೆ, ಅದರ ನಡುವ ಇಷ್ಟ ಬರದಿತ್ತು:

```
413 Request Entity Too Large
nginx
```

ಕಾಕು ಮುಂಜಾನೆ ಹನ್ನೊಂದಕ್ಕ ಕೂತವರು. ಹೆಸರು, ವಿಳಾಸ, ಅಪ್ಪನ ಆದಾಯ, ಬ್ಯಾಂಕಿನ ನಂಬರು ಎಲ್ಲಾ ಒಂದೊಂದೇ ಅಕ್ಷರ ಒತ್ತಿ ತುಂಬಿಸ್ಯಾರ. ಕಡೀಕೆ ಅಂಕಪಟ್ಟಿ ಫೋಟೋ ಹಾಕಿ ‘ಸಲ್ಲಿಸು’ ಒತ್ತಿದ್ದಕ್ಕ ಇದು ಬಂತು. ಹಿಂದ ಹೋಗಿ ನೋಡಿದ್ರ ತುಂಬಿಸಿದ್ದೆಲ್ಲಾ ಖಾಲಿ. ಮತ್ತ ತುಂಬಿಸ್ಯಾರ, ಮತ್ತ ಅದ ಬಂದದ. ಹಿಂಗ ಮೂರು ಸಲ. ಅವತ್ತು ಸಂಜಿ ಐದಕ್ಕ ಕಡೀ ಟೈಮು. ನಾ ಫೋಟೋ ಸಣ್ಣದು ಮಾಡಿ ಕಳಿಸಿದೆ, ನಾಕೂ ನಲವತ್ತಕ್ಕ ಫಾರ್ಮ್ ಹೋತು, ಸ್ವೀಕೃತಿ ಸಂಖ್ಯೆನೂ ಬಂತು. ಖರೆ ಕಾಕು ಏಳೂವಾಗ ಅಂದ ಮಾತು ನಂಗ ಇನ್ನೂ ಚುಚ್ಚಲಿಕ್ಕತ್ತದ. “ಇನ್ನ ಮ್ಯಾಲೆ ನಾ ಈ ಫೋನಿಗೆ ಕೈ ಹಚ್ಚಂಗಿಲ್ಲವಾ. ನಮಗ ತಿಳಿಯೂದಲ್ಲ ಇದು.”

ನೋಡ್ರವಾ, ಮೂವತ್ತು ವರ್ಷ ಮನಿ ಲೆಕ್ಕ, ಭಿಶಿ ಲೆಕ್ಕ, ಮೂರು ಮಕ್ಕಳ ಲಗ್ನದ ಲೆಕ್ಕ ಒಂದು ಪೈಸಾ ತಪ್ಪದಂಗ ಬರದಿಟ್ಟ ಹೆಣ್ಣಮಗಳು, ನಾಕು ಇಂಗ್ಲಿಷ್ ಶಬ್ದಕ್ಕ ಸೋತು ‘ನಾ ದಡ್ಡಿ’ ಅಂದುಕೊಂಡ್ರು. ಮದುವಿಗಿಂತ ಮೊದಲೂ ಆಮ್ಯಾಲೂ ಸೇರಿ ನಾ ಹನ್ನೆರಡು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೀನಿ. ಅದಕ್ಕ ಇವತ್ತು ಈ ಮಾತು ಬರೀಲೇಬೇಕು ಅನಿಸ್ತು. ಕಾಕುಂದು ಒಂದು ಕೂದಲೆಳಿಯಷ್ಟೂ ತಪ್ಪಿಲ್ಲ. ತಪ್ಪು ಆ ಪರದೆ ಬರದವರದು, ಅದಕ್ಕಿಂತ ಹೆಚ್ಚಿಗಿ ಅದನ್ನ ಬರೀದೇ ಬಿಟ್ಟವರದು.

ಮೊದಲು ಆ ಪರದೆ ಏನು ಹೇಳಲಿಕ್ಕತ್ತಿತ್ತು ಅದನ್ನ ಹೇಳ್ತೇನಿ. ನಾವು ಫೋನಿನಾಗ ಏನರೆ ಕಳಿಸಿದಾಗ ಆ ಕಡೆ ಇರೂ ಕಂಪ್ಯೂಟರ್, ಅಂದ್ರ ಸರ್ವರ್, ಪ್ರತಿ ಸಲ ಮೂರಂಕಿಯ ಉತ್ತರ ಕೊಡ್ತದ. 2ರಿಂದ ಶುರುವಾದ್ರ ಎಲ್ಲಾ ಸರಿ ಅಂತ. 4ರಿಂದ ಶುರುವಾದ್ರ ‘ನೀವು ಕಳಿಸಿದ್ದನ್ನ ನಾ ತಗೊಳ್ಳಿಕ್ಕೆ ಬರಂಗಿಲ್ಲ’ ಅಂತ. 5ರಿಂದ ಶುರುವಾದ್ರ ‘ನನ್ನ ಕಡೇನ ಏನೋ ಕೆಟ್ಟದ’ ಅಂತ. 413 ಅಂದ್ರ ‘ನೀವು ಕಳಿಸಿದ ಗಂಟು ನಾ ಹೊರೂದಕ್ಕಿಂತ ಭಾರ ಅದ’ ಅಂತ, ಅಷ್ಟ.

ಎಂಜಿನ್‌ಎಕ್ಸ್ ಅನ್ನೂದು ಸರ್ವರಿನ ಬಾಗಲದಾಗ ನಿಂತ ವಾಚ್‌ಮನ್ ಇದ್ದಂಗ. ಬಂದ ಗಂಟು ಮೊದಲು ಅಂವನ ಕೈಯಾಗ ಬರ್ತದ, ಅಂವ ಒಳಗ ಬಿಡ್ತಾನ. ಯಾರೂ ಏನೂ ಹೇಳದೇ ಇದ್ರ ಅಂವ 1 ಎಂಬಿಗಿಂತ ಭಾರದ್ದು ಯಾವುದನ್ನೂ ಒಳಗ ಬಿಡಂಗಿಲ್ಲ. ಅದು ಆ ಸಾಫ್ಟ್‌ವೇರಿಗೆ ಹುಟ್ಟಿನಿಂದ ಬಂದ ಲೆಕ್ಕ. ಇವತ್ತಿನ ಸಾದಾ ಫೋನಿನಾಗ ತಗದ ಒಂದು ಫೋಟೋನ 3–4 ಎಂಬಿ ಇರ್ತದ. ಅಂದ್ರ ಈ ಫಾರ್ಮಿಗೆ ಫೋನಿನಿಂದ ಸೀದಾ ಫೋಟೋ ಕಳಿಸಿದವರು ಬಹುತೇಕ ಎಲ್ಲಾರೂ ಬಾಗಲದಾಗನ ವಾಪಸ್ ಹೋಗಿರಬೇಕು. ಒಳಗಿನವರಿಗೆ ಅದು ಗೊತ್ತೂ ಆಗಿರಂಗಿಲ್ಲ, ಯಾಕಂದ್ರ ಬಾಗಲದಾಗ ವಾಪಸ್ ಹೋದ ಬೀಗರ ಸುದ್ದಿ ಅಡಿಗಿಮನಿತನಕ ಬರಂಗಿಲ್ಲಲ್ಲ! ಫಾರ್ಮ್ ಮಾಡಿದ ಹುಡುಗ ತನ್ನ ಲ್ಯಾಪ್‌ಟಾಪಿನಾಗ ಒಂದು ಸಣ್ಣ ಚಿತ್ರ ಹಾಕಿ ನೋಡಿರ್ತಾನ, ಅದು ಹೋಗಿರ್ತದ, ಅಂವ ಆರಾಮ ನಿದ್ದಿ ಮಾಡಿರ್ತಾನ.

ಈ 413ಕ್ಕ ದೊಡ್ಡವರು ಹೆಸರು ಬದಲಿ ಮಾಡಿಲ್ಲಂತಲ್ಲ. 1999ರ ನಿಯಮದಾಗ ಅದು ‘ರಿಕ್ವೆಸ್ಟ್ ಎಂಟಿಟಿ ಟೂ ಲಾರ್ಜ್’. 2014ರಾಗ ‘ಪೇಲೋಡ್ ಟೂ ಲಾರ್ಜ್’ ಆತು. 2022ರಾಗ ‘ಕಂಟೆಂಟ್ ಟೂ ಲಾರ್ಜ್’ ಆತು. ಮೂರು ಹೆಸರೂ ಎಂಜಿನಿಯರ್ ಮಂದಿ ತಮ್ಮ ತಮ್ಮೊಳಗ ಮಾತಾಡಲಿಕ್ಕೆ ಇಟ್ಟುಕೊಂಡಿದ್ದು, ಅದಕ್ಕ ನನ್ನ ತಕರಾರಿಲ್ಲ. ಆಚಾರಿ ತನ್ನ ಉಳಿ-ಚಾಣಕ್ಕ ಏನರೆ ಹೆಸರಿಟ್ಟುಕೊಳ್ಳಲಿ. ಖರೆ ಆ ಹೆಸರನ್ನ ತಂದು ಕಾಕುನ ಕೈಯಾಗ ಇಟ್ಟವರು ಯಾರು? ಮೂರು ಹೆಸರಿನಾಗ ಒಂದರೊಳಗೂ ‘ಫೋಟೋ’ ಅನ್ನೂ ಶಬ್ದ ಇಲ್ಲ!

ರವಿವಾರ ಅಕ್ಕನ ಮಗ ಊಟಕ್ಕ ಬಂದಿದ್ದ. ಇಂಥಾ ಫಾರ್ಮ್ ಮಾಡಿಕೊಡೂ ಕಂಪನಿಯೊಳಗ ಕೆಲಸ ಮಾಡ್ತಾನ. ಹಾಸ್ಟೆಲ್ಲಿನ ಫಾರ್ಮ್ ಅಂವಂದಲ್ಲ, ಆದ್ರೂ ಸಿಕ್ಕವನ ಮ್ಯಾಲ ಸಿಟ್ಟು ತೀರಿಸಿಕೊಂಡೆ. ಅಂವ ಪಾಪ, ಹೋಳಿಗಿ ತಿನ್ನೂದು ಬಿಟ್ಟು ಲ್ಯಾಪ್‌ಟಾಪ್ ತಗದು ತಾ ಮಾಡಿದ ಒಂದು ಶಾಲಿ ಪ್ರವೇಶದ ಫಾರ್ಮ್ ತೋರಿಸಿದ. “ಮೌಶಿ, ನಾವು ಹಂಗ ಬಿಡೂದಿಲ್ಲ. ನಮ್ಮದು ಫ್ರೆಂಡ್ಲಿ ಅದ ನೋಡು” ಅಂದ. ನೋಡಿದೆ. ಹಳದಿ ಬಣ್ಣದ ಡಬ್ಬಿಯೊಳಗ ಅಳೂ ಮಾರಿಯ ಗೊಂಬಿ, ಕೆಳಗ “ಅಯ್ಯೋ! ಏನೋ ತಪ್ಪಾಗಿದೆ. ದಯವಿಟ್ಟು ಮತ್ತೆ ಪ್ರಯತ್ನಿಸಿ.”

ನಾ ಅಂದೆ, “ಏ ತಮ್ಮಾ, ಇದು ಆ 413ಕ್ಕಿಂತ ಕೆಟ್ಟದ್ದು.”

ಅಂವಗ ಆಶ್ಚರ್ಯ ಆತು. ನಿಮಗೂ ಆಗಿರಬಹುದು, ಅದಕ್ಕ ಬಿಡಿಸಿ ಹೇಳ್ತೇನಿ. 413 ಅಂತ ಬರದಿದ್ರ ಕಾಕು ಅದನ್ನ ನನಗ ತೋರಿಸಿದ್ರು, ನಾ ಫೋಟೋ ದೊಡ್ಡದಾಗೇದ ಅಂತ ತಿಳಕೊಂಡೆ. ‘ಏನೋ ತಪ್ಪಾಗಿದೆ’ ಅಂತ ಬರದಿದ್ರ ನನಗೂ ತಿಳೀತಿದ್ದಿಲ್ಲ, ಆ ಬ್ರಹ್ಮಗೂ ತಿಳೀತಿದ್ದಿಲ್ಲ. ಡಾಕ್ಟರು ಚೀಟಿಯೊಳಗ ರೋಗದ ಹೆಸರು ಲ್ಯಾಟಿನ್ನಿನಾಗ ಬರದ್ರ ಇನ್ನೊಬ್ಬ ಡಾಕ್ಟರರೆ ಓದ್ತಾನ. ‘ಏನೋ ಆಗೇದ, ಪಾಪ’ ಅಂತ ಬರದು ಒಂದು ನಗೂ ಮಾರಿ ಚಿತ್ರ ತಗದ್ರ ಯಾರು ಓದಬೇಕು? ಇನ್ನ ‘ಮತ್ತೆ ಪ್ರಯತ್ನಿಸಿ’ ಅನ್ನೂದು. ಅದ ಫೋಟೋ ನೂರು ಸಲ ಕಳಿಸಿದ್ರೂ ನೂರು ಸಲನೂ ಅಷ್ಟ ಭಾರ ಇರ್ತದ. ಆಗಲಾರದ್ದನ್ನ ಮತ್ತ ಮಾಡ್ರಿ ಅನ್ನೂದು ಸಭ್ಯತನ ಹೆಂಗಾಗ್ತದ?

ಸಿಹಿ ಮಾತಿಗೂ ತಿಳಿಯೂ ಮಾತಿಗೂ ಫರಕ್ ಅದ. ನಮ್ಮ ಪ್ಯಾಟಿಯೊಳಗ ಒಬ್ಬ ಅಂಗಡಿಯಾಂವ ಭಾಳ ನಗ್ತಾನ, ‘ಬರ್ರಿ ಅಕ್ಕಾರ’ ಅಂತಾನ, ಖರೆ ಸಾಮಾನು ಯಾವಾಗ ಬರ್ತದ ಅಂದ್ರ ‘ಬರ್ತದ್ರೀ’ ಅಂತಾನ. ಇನ್ನೊಬ್ಬ ಮಾರಿ ಗಂಟು ಹಾಕ್ಕೊಂಡ ಕೂತಿರ್ತಾನ, ಖರೆ ‘ಗುರುವಾರ ನಾಕಕ್ಕ ಬರ್ರಿ, ಚೀಲ ತರ್ರಿ’ ಅಂತಾನ. ನೀವು ಯಾರ ಹತ್ರ ಹೋಗ್ತೀರಿ?

ಅಕ್ಕನ ಮಗ ಸೋಲೂ ಪೈಕಿ ಅಲ್ಲ. “ಹಂಗಾದ್ರ ನೀನ ಹೇಳು, ಹೆಂಗ ಬರೀಲಿ” ಅಂದ. ಕಾಕುನ್ನೂ ಕರದೆ. ಊಟದ ತಾಟು ಆ ಕಡೆ ಸರಿಸಿ ಮೂವರೂ ಕೂತ್ವಿ.

ಅಂವ ಮೊದಲು ಬರದಿದ್ದು: “ಫೈಲ್ ಗಾತ್ರವು ಗರಿಷ್ಠ ಮಿತಿಯನ್ನು ಮೀರಿದೆ.” ಕಾಕು ಎರಡು ಸಲ ಓದಿದ್ರು. “ಯಾವ ಫೈಲಪ್ಪಾ? ನಾ ಫೈಲ್ ಎಲ್ಲಿ ಕೊಟ್ಟೇನಿ? ಫೋಟೋ ಕೊಟ್ಟೇನಿ” ಅಂದ್ರು. ಇಂಗ್ಲಿಷಿನ ಗಂಟನ್ನ ಕನ್ನಡದ ಗಂಟು ಮಾಡಿದ್ರ ಬಿಚ್ಚಿದಂಗ ಆಗಲಿಲ್ಲ ನೋಡ್ರಿ. ಕನ್ನಡದಾಗ ಬರದಾರ ಅಂದ ಕೂಡ್ಲೆ ಎಲ್ಲಾರಿಗೂ ತಿಳೀತು ಅಂತ ತಿಳಕೊಳ್ಳೂದು ದೊಡ್ಡ ಭ್ರಮಾ.

ಎರಡನೇದು: “ನಿಮ್ಮ ಫೋಟೋ 1 ಎಂಬಿಗಿಂತ ದೊಡ್ಡದಿದೆ. ಚಿಕ್ಕದು ಮಾಡಿ ಕಳಿಸಿ.” ನನಗ ಇದು ಛಲೋ ಅನಿಸ್ತು. ಕಾಕು ಕೇಳಿದ್ರು, “ದೊಡ್ಡದು ಅಂದ್ರ ಅಂಚು ಕತ್ತರಿಸಿ ಹಾಕಬೇಕೇನು? ಕತ್ತರಿಸಿದ್ರ ಹೆಡ್‌ಮಾಸ್ತರ ಸಹಿ ಹೋಗ್ತದಲ್ಲ?” ನಾವಿಬ್ಬರೂ ಗಪ್ಪಾದ್ವಿ. ಹನ್ನೆರಡು ವರ್ಷ ಟೆಸ್ಟಿಂಗ್ ಮಾಡಿದ ನನಗ ಇದು ಹೊಳದಿದ್ದಿಲ್ಲ. ನಮಗ ಫೋಟೋ ‘ದೊಡ್ಡದು’ ಅಂದ್ರ ಎಂಬಿ, ಅವರಿಗೆ ಉದ್ದ-ಅಗಲ. ಅವರು ಪಾಲಿಸಿದ್ರ ಸಹಿ ಇಲ್ಲದ ಅಂಕಪಟ್ಟಿ ಹೋಗಿ ಅರ್ಜಿನ ತಿರಸ್ಕಾರ ಆಗ್ತಿತ್ತು.

ಅದಕ್ಕ ಬರದ ಮಾತು ತಿಳೀತದೋ ಇಲ್ಲೋ ನೋಡ್ಲಿಕ್ಕೆ ಒಂದ ದಾರಿ ಅದ. ಅದನ್ನ ಬಳಸೂ ಮನಿಶ್ಯಾನ ಮುಂದ ಇಟ್ಟು, ‘ತಿಳೀತೇನು’ ಅಂತ ಕೇಳಬಾರದು, ‘ಈಗ ನೀವೇನು ಮಾಡ್ತೀರಿ’ ಅಂತ ಕೇಳಬೇಕು. ತಿಳೀತೇನು ಅಂದ್ರ ನಾವೆಲ್ಲಾ ಮರ್ಯಾದಿಗೆ ‘ಹೂಂ’ ಅಂತೇವಿ. ಏನು ಮಾಡ್ತೀರಿ ಅಂದಾಗ ಕತ್ತರಿ ಹೊರಗ ಬರ್ತದ.

ಮೂರನೇ ಸಲ ಬರೀಲಿಕ್ಕೆ ಕೂತಾಗ ಮಜಾ ಆತು. ನಾ ಹೇಳಿದೆ, “ಇದ್ದದ್ದು ಇದ್ದಂಗ ಬರಿ: ಎಲ್ಲರ ಫೋನಿನ ಫೋಟೋ 3–4 ಎಂಬಿ ಇರುತ್ತದೆ, ನಾವು 1 ಎಂಬಿಗಿಂತ ಹೆಚ್ಚಿನದನ್ನು ತೆಗೆದುಕೊಳ್ಳುವುದಿಲ್ಲ.” ಅಂವ ಟೈಪ್ ಮಾಡ್ತಾ ಮಾಡ್ತಾ ನಿಂತ. ಮಾರಿ ಕೆಂಪಾತು. “ಮೌಶಿ, ಇದನ್ನ ಹೆಂಗ ಮಂದಿಗೆ ತೋರಿಸೂದು? ಇದು ನಮ್ಮದ ತಪ್ಪಲ್ಲಾ?” ಅಂದ. ಆಮ್ಯಾಲೆ ಎಂಜಿನ್‌ಎಕ್ಸಿನ ಸೆಟ್ಟಿಂಗಿನಾಗ ಒಂದ ಒಂದು ಸಾಲು ಹಾಕಿದ:

```
client_max_body_size 10m;
```

10 ಎಂಬಿತನಕ ಒಳಗ ಬಿಡು ಅಂತ ವಾಚ್‌ಮನ್‌ಗ ಹೇಳಿದಂಗಾತು. ಅಷ್ಟ! ಕಾಕು ಮೂರು ಸಲ ಫಾರ್ಮ್ ತುಂಬಿಸಿ ಅತ್ತಿದ್ದು ಇಂಥಾ ಒಂದು ಸಾಲಿನ ಸಲುವಾಗಿ.

ನನ್ನ ವಾದ ಇಷ್ಟ. ಕೆಟ್ಟ ಸಂದೇಶ ಭಾಷಾ ಬರದೇ ಇದ್ದದ್ದಕ್ಕ ಆಗೂದಲ್ಲ, ಏನು ಕೆಟ್ಟದ ಅಂತ ನೋಡೂ ಮನಸ್ಸಿಲ್ಲದ್ದಕ್ಕ ಆಗ್ತದ. ತಿಳಿಯೂ ಹಂಗ ಬರೀಬೇಕಂದ್ರ ಬರಿಯಾಂವ ಮೊದಲು ತಿಳಕೋಬೇಕು. ತಿಳಕೊಂಡಾಗ ಹತ್ತರಾಗ ಅರ್ಧ ಸಲ ತನ್ನದ ತಪ್ಪು ಕಾಣ್ತದ. ‘ಏನೋ ತಪ್ಪಾಗಿದೆ’ ಅಂತ ಬರೂದು ಆ ಮುಜುಗರ ತಪ್ಪಿಸ್ಕೊಳ್ಳೂ ಉಪಾಯ. ಫೋಟೋ ಭಾರ ಆದ್ರೂ ಅದ ಮಾತು, ನೆಟ್ ಹೋದ್ರೂ ಅದ ಮಾತು, ಸರ್ವರ್ ಕೆಟ್ಟ್ರೂ ಅದ ಮಾತು. ಮೂರು ಬ್ಯಾರೆ ಬ್ಯಾರೆ ರೋಗಕ್ಕ ಒಂದ ಪುಡಿ. ಅದಕ್ಕ ಸಂದೇಶ ತಿದ್ದೂದಂದ್ರ ಶಬ್ದ ತಿದ್ದೂದಲ್ಲ, ಒಂದು ಮಾತನ್ನ ಮೂರು ಮಾತಾಗಿ ಒಡೀಬೇಕು.

ಹಂಗಂತ ಮಿತಿನ ಇರಬಾರದು ಅಂತಲ್ಲ. ಬಾಗಲ ಪೂರಾ ತಗದಿಟ್ರ ಯಾರರೆ ಅಂಕಪಟ್ಟಿ ಜಾಗಾದಾಗ ಲಗ್ನದ ವಿಡಿಯೋನ ಕಳಿಸ್ತಾರ. 10 ಎಂಬಿ ದಾಟೂ ಫೋಟೋ ತಗಿಯೂ ಫೋನೂ ಈಗ ಅವ. ಅಂಥವರ ಸಲುವಾಗಿ ನಾವು ಕಡೀಕೆ ಬರದಿದ್ದು ಇದು. ಇದು ಇಡೀ ರಾಜ್ಯದವರು ಓದೂದು, ಅದಕ್ಕ ನಮ್ಮ ಮನಿ ಮಾತು ಬಿಟ್ಟು ಸರಳ ಬರವಣಿಗಿ ಕನ್ನಡದಾಗ ಬರದ್ವಿ:

“ಅಂಕಪಟ್ಟಿಯ ಫೋಟೋ ಇನ್ನೂ ನಮಗೆ ಬಂದಿಲ್ಲ. ಅದು 12 ಎಂಬಿ ಇದೆ. ನಾವು 10 ಎಂಬಿವರೆಗೆ ಮಾತ್ರ ತೆಗೆದುಕೊಳ್ಳಬಲ್ಲೆವು.
ನೀವು ತುಂಬಿಸಿದ ಹೆಸರು, ವಿಳಾಸ ಎಲ್ಲವೂ ಹಾಗೇ ಇವೆ.
ಫೋಟೋದ ಅಂಚು ಕತ್ತರಿಸಬೇಡಿ. ಅದನ್ನು ವಾಟ್ಸಾಪ್‌ನಲ್ಲಿ ಮನೆಯವರಿಗೆ ಕಳಿಸಿ, ಅವರ ಫೋನಿಗೆ ಬಂದ ಫೋಟೋವನ್ನು ನಿಮಗೆ ವಾಪಸ್ ಕಳಿಸಲು ಹೇಳಿ. ಹಾಗೆ ಬಂದ ಫೋಟೋ ಹಗುರವಾಗಿರುತ್ತದೆ. ಅಕ್ಷರ ಓದಲು ಬರುತ್ತದೆಯೇ ನೋಡಿ, ಅದನ್ನು ಇಲ್ಲಿ ಹಾಕಿ.”

ಕೆಳಗ ಗುಂಡಿಯ ಮ್ಯಾಲೆ ‘ಓಕೆ’ ಅಂತಿದ್ದಿದ್ದನ್ನ ತಗದು ‘ಬೇರೆ ಫೋಟೋ ಆರಿಸಿ’ ಅಂತ ಹಾಕಿದ್ವಿ. ಏನು ಓಕೆ? ಏನೂ ಓಕೆ ಆಗಿಲ್ಲಲ್ಲ! ಮೂಲ್ಯಾಗ ಸಣ್ಣ ಅಕ್ಷರದಾಗ 413 ಅಂತ ಇಟ್ವಿ, ಸಹಾಯಕ್ಕ ಫೋನ್ ಮಾಡಿದ್ರ ಓದಿ ಹೇಳ್ಲಿಕ್ಕೆ. ನಂಬರು ಇರಲಿ, ಖರೆ ಸೊಂಟದ ಕಡೆ ಇರಲಿ, ಹಣಿ ಮ್ಯಾಲೆ ಬ್ಯಾಡ.

ಕಾಕು ಓದಿ ಮೊದಲು ತೋರಿಸಿದ್ದು ಎರಡನೇ ಸಾಲು. “ಇದೊಂದು ಸಾಲು ಬುಧವಾರ ಇದ್ದಿದ್ರ ನಾ ಅಳತಿದ್ದಿಲ್ಲಪಾ” ಅಂದ್ರು. ನೋಡ್ರಿ, ಎಂಜಿನಿಯರ್‌ಗ ‘ಯಾಕ ಕೆಟ್ಟಿತು’ ಅನ್ನೂದು ಮುಖ್ಯ, ಎದುರಿಗೆ ಕೂತವರಿಗೆ ‘ನಂದೇನು ಉಳೀತು’ ಅನ್ನೂದು ಮುಖ್ಯ. ಖರೆ ಆ ಸಾಲು ಬರೀಬೇಕಂದ್ರ ಅದು ಖರೇನ ಆಗಬೇಕು. ಫೋಟೋ ಸರ್ವರಿಗೆ ಹೋಗಿ ವಾಪಸ್ ಬಂದ ಮ್ಯಾಲೆ ಹೇಳಿದ್ರ ಪೇಜ್ ಖಾಲಿ ಆಗಿರ್ತದ. ಅದಕ್ಕ ಅಂವ ಫೋಟೋ ಆರಿಸಿದ ಕೂಡ್ಲೆ ಫೋನಿನ ಒಳಗನ ತೂಕ ನೋಡೂ ಹಂಗ ಪೇಜ್ ತಿದ್ದಿದ. ಅದೇನು ಮಂತ್ರ ಅಲ್ಲ, ಫೋಟೋ ಎಷ್ಟು ಎಂಬಿ ಅದ ಅನ್ನೂದು ಕಳಿಸೂಕಿಂತ ಮೊದಲ ಪೇಜಿಗೆ ಗೊತ್ತಾಗ್ತದ. ಮಾತು ಖರೆ ಮಾಡ್ಲಿಕ್ಕೆ ಕೆಲಸ ಮಾಡಬೇಕಾತು.

ಇನ್ನ ದುಡ್ಡಿನ ಮಾತು. ಇಲ್ಲಿ ಸುಳ್ಳು ಸಂದೇಶ ಬರೇ ಅಳಿಸೂದಿಲ್ಲ, ಕಿಸೆಕ್ಕೂ ಕೈ ಹಾಕ್ತದ. ನಮ್ಮ ವೈನಿ ಕಾಯಿಪಲ್ಯಾದವರಿಗೆ ಫೋನಿನಿಂದ 340 ರೂಪಾಯಿ ಕಳಿಸಿದ್ರು. ‘ಪಾವತಿ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಅಂತ ಬಂತು. ಮತ್ತ ಕಳಿಸಿದ್ರು. ಎರಡೂ ಸಲ ಹೋಗಿತ್ತು. ಆ ಕಾಯಿಪಲ್ಯಾದಾಕಿ ಪ್ರಾಮಾಣಿಕಳು, ಮರುದಿನ ವಾಪಸ್ ಕೊಟ್ಲು. ಆಗಿದ್ದೇನಂದ್ರ, ದುಡ್ಡು ಹೋಗು ಅನ್ನೂ ಮಾತು ಬ್ಯಾಂಕಿಗೆ ಮುಟ್ಟಿತ್ತು, ‘ಹೋತು’ ಅನ್ನೂ ಉತ್ತರ ಟೈಮಿನೊಳಗ ವಾಪಸ್ ಬರಲಿಲ್ಲ. ಉತ್ತರ ಬರಲಿಲ್ಲ ಅನ್ನೂದಕ್ಕೂ ವಿಫಲ ಅನ್ನೂದಕ್ಕೂ ಭೂಮಿ-ಆಕಾಶದ ಅಂತರ ಅದ. ಅಲ್ಲಿ ಬರೀಬೇಕಾದದ್ದು: “ದುಡ್ಡು ಹೋಯಿತೋ ಇಲ್ಲವೋ ನಮಗೆ ಇನ್ನೂ ಗೊತ್ತಾಗಿಲ್ಲ. ಈಗ ಮತ್ತೆ ಕಳಿಸಬೇಡಿ. ಅಂಗಡಿಯವರನ್ನು ಕೇಳಿ, ನಿಮ್ಮ ಖಾತೆ ನೋಡಿ.” ಗೊತ್ತಿಲ್ಲ ಅನ್ನಲಿಕ್ಕೆ ಇವರಿಗೆ ಏನು ನಾಚಿಕಿ?

ರಿಸರ್ವ್ ಬ್ಯಾಂಕಿನವರು 2019ರಾಗನ ನಿಯಮ ಮಾಡ್ಯಾರ. ಯುಪಿಐದಾಗ ನಮ್ಮ ಖಾತೆಯಿಂದ ದುಡ್ಡು ಹೋಗಿ ಆ ಕಡೆ ಮುಟ್ಟದೇ ಇದ್ರ, ಒಬ್ಬರಿಗೆ ಕಳಿಸಿದ್ದು ಮರುದಿನದೊಳಗ ತಾನಾಗೇ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟಿದ್ದಾದ್ರ ಐದು ದಿನದೊಳಗ. ತಡಾ ಆದ್ರ ದಿನಕ್ಕ 100 ರೂಪಾಯಿ ಬ್ಯಾಂಕು ಕೊಡಬೇಕು. ಈ ಒಂದು ಮಾತು ಆ ಪರದೆ ಮ್ಯಾಲೆ ಇದ್ರ ಎಷ್ಟು ಮಂದಿ ಎದಿ ಹಗುರ ಆಗ್ತಿತ್ತು ಹೇಳ್ರಿ. ಖರೆ ಅಲ್ಲೂ ಅಳೂ ಮಾರಿಯ ಗೊಂಬಿನ ಇರ್ತದ.

ಅಕ್ಕನ ಮಗ ಒಂದು ಮಾತು ಹೇಳಿದ, ಅದನ್ನ ನಾ ಒಪ್ಪಿದೆ. ಎಲ್ಲಾ ಕಡೆ ಎಲ್ಲಾ ಬಿಚ್ಚಿ ಹೇಳಬಾರದು. ಲಾಗಿನ್ ಮಾಡೂವಾಗ ‘ಹೆಸರು ಸರಿ ಅದ, ಪಾಸ್‌ವರ್ಡ್ ಅಷ್ಟ ತಪ್ಪದ’ ಅಂದ್ರ, ಕಳ್ಳಗ ಆ ಹೆಸರಿನ ಖಾತೆ ಅದ ಅಂತ ಹೇಳಿಕೊಟ್ಟಂಗ ಆಗ್ತದ. ಅಲ್ಲಿ ‘ಎರಡರಾಗ ಒಂದು ಸರಿ ಇಲ್ಲ’ ಅನ್ನೂದ ಛಲೋ. ಖರೆ ಅದರ ಕೆಳಗ ‘ಪಾಸ್‌ವರ್ಡ್ ಮರೆತಿದ್ದರೆ ಇಲ್ಲಿ ಒತ್ತಿ’ ಅನ್ನಲಿಕ್ಕೆ ಯಾವ ಕಳ್ಳನ ಅಂಜಿಕಿ? ಮುಚ್ಚಿಡೂದಕ್ಕ ಒಂದು ಕಾರಣ ಇರಬೇಕು. ಆಳಸಿತನಕ್ಕ ಸುರಕ್ಷತಾ ಅಂತ ಹೆಸರಿಡಬಾರದು.

‘ಯೂಸರ್‌ಗ ಅಷ್ಟೆಲ್ಲಾ ತಿಳಿಯಂಗಿಲ್ಲ’ ಅಂತಾರಲ್ಲ, ಅದಕ್ಕ ಕಾಕುನ ಉತ್ತರ. ಅವತ್ತು ಸಂಜಿ ಚಹಾ ಕುಡಿದು ಹೋಗೂವಾಗ ಅಕ್ಕನ ಮಗನ ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿ ಕೇಳಿದ್ರು, “ಆ ತೂಕ ಇಳಿಸೂ ಕೆಲಸ ನಮ್ಮ ಕಡೆಯಿಂದ ಯಾಕ ಮಾಡಸ್ತೀಯಪಾ? ಫೋಟೋ ತಗೊಂಡ ಮ್ಯಾಲೆ ನಿನ್ನ ಪೇಜ್ ತಾನ ಸಣ್ಣದು ಮಾಡ್ಕೊಳ್ಳಲಿಕ್ಕೆ ಬರಂಗಿಲ್ಲೇನು?”

ಬರ್ತದ. ಅಂವ ಈಗ ಅದನ್ನ ಮಾಡ್ಲಿಕ್ಕತ್ಯಾನ. ಅದು ಆದ್ರ ನಾವು ಅಷ್ಟೊತ್ತು ಕೂತು ಬರದ ಸಂದೇಶ ಯಾರಿಗೂ ಕಾಣೂದ ಇಲ್ಲ. ಕಾಣದೇ ಇದ್ರ ಛಲೋನ ಆತು.

ಅಲ್ಲಿತನಕ ನಿಮಗ ಒಂದು ಮಾತು. ಇಂಥಾ ಪರದೆ ಬಂದಾಗ ‘ನಾ ಏನು ಕೆಡಿಸಿದೆ’ ಅನಬ್ಯಾಡ್ರಿ. ಮೊದಲು ಅದರ ಫೋಟೋ, ಅಂದ್ರ ಸ್ಕ್ರೀನ್‌ಶಾಟ್, ತಗದಿಡ್ರಿ. ಅಂಕಿ 5ರಿಂದ ಶುರುವಾಗಿದ್ರ ಅವರ ಮನಿ ಕೆಟ್ಟದ, ತಾಸು ಬಿಟ್ಟು ನೋಡ್ರಿ. 4ರಿಂದ ಶುರುವಾಗಿದ್ರ ಮತ್ತ ಮತ್ತ ಅದನ್ನ ಕಳಿಸಬ್ಯಾಡ್ರಿ, ಗೊತ್ತಿದ್ದವರಿಗೆ ಆ ಅಂಕಿ ಹೇಳ್ರಿ. ಕಡೀಕೆ ಆ ಫಾರ್ಮಿನವರ ನಂಬರಿಗೆ ಫೋನ್ ಹಚ್ಚಿ, ‘ನಿಮ್ಮ ಪರದೆ ನಮಗ ತಿಳೀಲಿಲ್ಲ’ ಅಂತ ಗಟ್ಟಿ ಧ್ವನಿಲೆ ಹೇಳ್ರಿ. ಕಾಕು ನಿನ್ನೆ ಹಾಸ್ಟೆಲ್ಲಿಗೆ ಹಚ್ಚಿದ್ರು. ಫೋನ್ ಎತ್ತಿದ ಹುಡುಗ “ಇಲ್ಲಿತನಕ ಯಾರೂ ಹೇಳಿದ್ದಿಲ್ರಿ ಅಜ್ಜಿ” ಅಂದನಂತ. ಹೆಂಗ ಹೇಳ್ತಾರ? ಎಲ್ಲಾರೂ ತಮ್ಮದ ತಪ್ಪು ಅಂದುಕೊಂಡು ಸುಮ್ಮನಿದ್ರಲ್ಲ.